ಅಜ್ಜಿಯ ಕಥೆಯಲ್ಲಿದ್ದ ‘ಎ’, ಆಫೀಸಿನ ಮೇಲ್‌ನಲ್ಲಿ ತಪ್ಪಿಹೋದ ‘ದಿ’

ಮೊದಲು ಒಂದು ಮೇಲ್ ಓದಿಬಿಡಿ. ಬೆಂಗಳೂರಿನ ಸಾಫ್ಟ್‌ವೇರ್ ಇಂಜಿನಿಯರ್ ಒಬ್ಬರು ಲಂಡನ್ನಿನಲ್ಲಿರುವ ತಮ್ಮ ಮ್ಯಾನೇಜರ್‌ಗೆ ಬರೆದದ್ದು ಅಂದುಕೊಳ್ಳೋಣ. ಮಾದರಿಗೆಂದು ಕಟ್ಟಿದ ಮೇಲ್ ಇದು, ಆದರೆ ಇದರೊಳಗಿನ ಒಂದೊಂದು ತಪ್ಪೂ ನಮ್ಮ ಆಫೀಸುಗಳಲ್ಲಿ ದಿನಬೆಳಗಾದರೆ ಕಾಣಸಿಗುವಂಥದ್ದೇ.

“ಐ ಆ್ಯಮ್ ಅಟ್ಯಾಚಿಂಗ್ ಟೆಸ್ಟ್ ರಿಪೋರ್ಟ್. ಕ್ಲೈಂಟ್ ಹ್ಯಾಸ್ ಸಮ್ ಡೌಟ್ಸ್ ಇನ್ ದಿ ರಿಪೋರ್ಟ್. ವಿ ಗಾಟ್ ಮೆನಿ ಫೀಡ್‌ಬ್ಯಾಕ್ಸ್ ಫ್ರಮ್ ದಿ ಯೂಸರ್ಸ್ ದ್ಯಾಟ್ ದೇ ಆರ್ ನಾಟ್ ಗೆಟ್ಟಿಂಗ್ ಎ ಒಟಿಪಿ. ಫ್ಯೂ ಬಗ್ಸ್ ಆರ್ ಸ್ಟಿಲ್ ಓಪನ್. ಪ್ಲೀಸ್ ರಿವರ್ಟ್ ವಿತಿನ್ ಫ್ರೈಡೇ.”

ಐದೇ ವಾಕ್ಯ. ಬೆಂಗಳೂರಿನಲ್ಲಿ ಕೂತು ಓದುವವರಿಗೆ ಎಲ್ಲವೂ ಸಲೀಸಾಗಿ ಅರ್ಥವಾಗುತ್ತದೆ. ಲಂಡನ್ನಿನವರಿಗೆ ಅರ್ಥವಾಗುವುದೇ ಬೇರೆ: ಕ್ಲೈಂಟ್‌ಗೆ ಈ ವರದಿಯ ಮೇಲೆ ನಂಬಿಕೆಯಿಲ್ಲ, ಸಾಫ್ಟ್‌ವೇರ್‌ನಲ್ಲಿ ದೋಷಗಳು ಹೆಚ್ಚೇನೂ ಉಳಿದಿಲ್ಲ, ಶುಕ್ರವಾರಕ್ಕೆ ಮುಂಚೆ ಏನನ್ನೋ ಹಿಂದಿನ ಸ್ಥಿತಿಗೆ ತರಬೇಕಂತೆ. ಬರೆದವರ ಮನಸ್ಸಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ತಪ್ಪುಗಳಲ್ಲಿ ಎರಡು ಜಾತಿ ಇವೆ. ಒಂದು, ‘ಎ’, ‘ಆ್ಯನ್’, ‘ದಿ’ ಎಂಬ ಆರ್ಟಿಕಲ್‌ಗಳದ್ದು. ಇನ್ನೊಂದು, ಪರಿಚಿತರಂತೆ ನಗುತ್ತಾ ಬಂದು ಕೈಕೊಡುವ ಪದಗಳದ್ದು. ಮೊದಲನೆಯದನ್ನು ಮೊದಲು ನೋಡೋಣ, ಯಾಕೆಂದರೆ ಅದರ ಬಗ್ಗೆ ನಮ್ಮಲ್ಲಿ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಕೂತಿದೆ. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಹಾಗಾಗಿ ಅದು ನಮ್ಮ ತಲೆಗೆ ಹತ್ತುವುದಿಲ್ಲ ಎನ್ನುವುದು ಆ ಕಲ್ಪನೆ. ಆರ್ಟಿಕಲ್ ಇಲ್ಲ ಎನ್ನುವುದು ನಿಜ. ತಲೆಗೆ ಹತ್ತುವುದಿಲ್ಲ ಎನ್ನುವುದು ಸುಳ್ಳು.

ಅಜ್ಜಿ ಕಥೆ ಹೇಳುತ್ತಿದ್ದುದನ್ನು ನೆನಪು ಮಾಡಿಕೊಳ್ಳಿ. “ಒಂದೂರಲ್ಲಿ ಒಬ್ಬ ರಾಜ ಇದ್ದ. ಆ ರಾಜನಿಗೆ ಒಬ್ಬಳು ಮಗಳು. ಆ ಮಗಳಿಗೆ...” ರಾಜ ಮೊದಲ ಸಲ ಬಂದಾಗ ‘ಒಬ್ಬ’, ಎರಡನೆಯ ಸಲ ಬಂದಾಗ ‘ಆ’. ಯಾವ ಅಜ್ಜಿಯೂ ಕಥೆಯನ್ನು “ಆ ರಾಜ ಇದ್ದ” ಎಂದು ಶುರು ಮಾಡುವುದಿಲ್ಲ. ಮಾಡಿದರೆ ಮೊಮ್ಮಗು ತಕ್ಷಣ “ಯಾವ ರಾಜ?” ಎಂದು ಕೇಳುತ್ತದೆ. ಇಂಗ್ಲಿಷಿನ ‘ಎ’ ಮತ್ತು ‘ದಿ’ ಮಾಡುವ ಕೆಲಸ ಇಷ್ಟೇ. ಹುಟ್ಟಿನಲ್ಲೂ ಅವು ಹೀಗೇ ಇದ್ದವು. ಹಳೆಯ ಇಂಗ್ಲಿಷಿನಲ್ಲಿ ‘ಒಂದು’ ಎಂಬ ಅರ್ಥದ ಪದವೇ ಸವೆದು ಸವೆದು ‘ಆ್ಯನ್’, ‘ಎ’ ಆಯಿತು, ‘ಆ’ ಎಂದು ಬೊಟ್ಟುಮಾಡುವ ಪದ ಸವೆದು ‘ದಿ’ ಆಯಿತು.

ಹಾಗಿದ್ದರೆ ತೊಡಕು ಎಲ್ಲಿ? ಕನ್ನಡದಲ್ಲಿ ಈ ‘ಒಂದು’ ಮತ್ತು ‘ಆ’ ಬಾಳೆಎಲೆಯ ತುದಿಗೆ ಬಡಿಸಿದ ಉಪ್ಪಿನ ಹಾಗೆ. ಬೇಕಾದವರು ಬೆರೆಸಿಕೊಳ್ಳಬಹುದು, ಬೇಡವಾದರೆ ಬಿಡಬಹುದು. “ರಿಪೋರ್ಟ್ ಕಳಿಸ್ತಿದ್ದೀನಿ” ಎಂದರೆ ಯಾವುದೋ ಒಂದು ರಿಪೋರ್ಟ್ ಆಗಬಹುದು, ನೀವು ಕೇಳಿದ ಆ ರಿಪೋರ್ಟೂ ಆಗಬಹುದು. ಇಂಗ್ಲಿಷಿನಲ್ಲಿ ಉಪ್ಪನ್ನು ಒಲೆಯ ಮೇಲೇ ಹಾಕಿಬಿಡಬೇಕು.

ಉಪ್ಪು ಹಾಕದಿದ್ದರೂ ವ್ಯತ್ಯಾಸ ತೋರಿಸಲು ಕನ್ನಡಕ್ಕೆ ಬೇರೆ ದಾರಿಗಳಿವೆ. ಒಂದು, ಪದಗಳ ಜಾಗ. “ಮೇಜಿನ ಮೇಲೆ ಪುಸ್ತಕ ಇದೆ” ಎಂದರೆ ಇಂಗ್ಲಿಷಿನಲ್ಲಿ ‘ಎ ಬುಕ್’. “ಪುಸ್ತಕ ಮೇಜಿನ ಮೇಲಿದೆ” ಎಂದರೆ ‘ದಿ ಬುಕ್’. ಪದಗಳು ಅವವೇ, ಪುಸ್ತಕ ಮಾತ್ರ ಮುಂದಕ್ಕೆ ಬಂತು.

ಇನ್ನೊಂದು ದಾರಿ ಶಾಲೆಯಲ್ಲಿ ಬಾಯಿಪಾಠ ಮಾಡಿದ ದ್ವಿತೀಯಾ ವಿಭಕ್ತಿ. “ಮಗನಿಗೆ ಹೆಣ್ಣು ಹುಡುಕ್ತಿದ್ದೀವಿ” ಎಂದು ಯಾರಾದರೂ ಹೇಳಿದರೆ ನಾವು ಜಾತಕ ಇದೆಯಾ ಎಂದು ಕೇಳುತ್ತೇವೆ. “ಹೆಣ್ಣನ್ನ ಹುಡುಕ್ತಿದ್ದೀವಿ” ಎಂದರೆ ಮಾತ್ರ ಗಾಬರಿ. ಮದುವೆ ಗೊತ್ತಾದ ಹುಡುಗಿ ಎಲ್ಲಿಗೆ ಹೋದಳು? ಪೊಲೀಸರಿಗೆ ತಿಳಿಸಿದಿರಾ? ಮೊದಲನೆಯದು ‘ಎ ಬ್ರೈಡ್’, ಎರಡನೆಯದು ‘ದಿ ಬ್ರೈಡ್’. ‘ಅನ್ನು’ ಎಂಬ ಈ ಪುಟ್ಟ ಪ್ರತ್ಯಯ ಬಂದಾಗ ಮಾತು ನಿರ್ದಿಷ್ಟವಾಗುವ ಬಗೆ ಭಾಷಾವಿಜ್ಞಾನಿಗಳನ್ನೂ ಸೆಳೆದಿದೆ. ಅಮೆರಿಕದ ಜೆಫ್ರಿ ಲಿಡ್ಜ್ ಕನ್ನಡದ ಈ ವಿಭಕ್ತಿಯ ಮೇಲೆಯೇ 2006ರಲ್ಲಿ ‘ಲ್ಯಾಂಗ್ವೇಜ್’ ಎಂಬ ಹೆಸರಾಂತ ಪತ್ರಿಕೆಯಲ್ಲಿ ಲೇಖನ ಬರೆದರು. ನಾವು ಯೋಚಿಸದೆ ಆಡುವ ಮಾತು ಅವರಿಗೆ ಸಂಶೋಧನೆಯ ವಸ್ತು.

ಅಂದರೆ ಕನ್ನಡಿಗರಿಗೆ ‘ಎ’ ಯಾವುದು, ‘ದಿ’ ಯಾವುದು ಎನ್ನುವ ತಿಳಿವಳಿಕೆ ಆಗಲೇ ಇದೆ. ಇಂಗ್ಲಿಷ್ ವಾಕ್ಯದಲ್ಲಿ ಸಂದೇಹ ಬಂದಾಗ ಅದನ್ನು ಮನಸ್ಸಿನಲ್ಲೇ ಆಡುಗನ್ನಡಕ್ಕೆ ತಿರುಗಿಸಿ, ‘ಯಾವುದೋ ಒಂದು’ ಕೂರುತ್ತದೋ ‘ಆ’ ಕೂರುತ್ತದೋ ನೋಡಿದರೆ ಉತ್ತರ ಸಿಗುತ್ತದೆ. ಆಡುಗನ್ನಡವೇ ಆಗಬೇಕು. ಬರಹದ ಕನ್ನಡ ‘ಅನ್ನು’ವನ್ನು ಬೇಕಾದಲ್ಲೂ ಬೇಡವಾದಲ್ಲೂ ಧಾರಾಳವಾಗಿ ಸುರಿಯುವುದರಿಂದ ಅಲ್ಲಿ ಈ ಪರೀಕ್ಷೆ ಕೈಕೊಡುತ್ತದೆ.

ಒಂದು ಎಚ್ಚರ ಬೇಕು. ‘ಯಾವ ರಿಪೋರ್ಟ್?’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿರಬೇಕಾದದ್ದು ಓದುವವರಿಗೆ. ಬರೆಯುವವರಿಗೆ ಅದು ಯಾವಾಗಲೂ ಗೊತ್ತಿರುತ್ತದೆ, ಹಾಗಾಗಿ ಅವರ ತಿಳಿವಳಿಕೆ ಲೆಕ್ಕಕ್ಕಿಲ್ಲ. ನಮ್ಮ ಇಂಜಿನಿಯರ್‌ರ ಮೊದಲ ವಾಕ್ಯವನ್ನೇ ತೆಗೆದುಕೊಳ್ಳಿ. ಲಂಡನ್ನಿನವರು ಹಿಂದಿನ ದಿನ ವರದಿ ಕೇಳಿದ್ದರೆ ಅದು ‘ದಿ ಟೆಸ್ಟ್ ರಿಪೋರ್ಟ್’. ಕೇಳಿರಲಿಲ್ಲ, ಇವರೇ ಮುಂದಾಗಿ ಕಳಿಸುತ್ತಿದ್ದಾರೆ ಎಂದಾದರೆ ‘ಎ ಟೆಸ್ಟ್ ರಿಪೋರ್ಟ್’. ಎರಡೂ ಇಲ್ಲದ ಬೋಳು ‘ಟೆಸ್ಟ್ ರಿಪೋರ್ಟ್’ ಯಾವ ಸಂದರ್ಭದಲ್ಲೂ ಸಲ್ಲದು. ಇಂಗ್ಲಿಷಿನಲ್ಲಿ ಇದೊಂದು ಗಟ್ಟಿ ನಿಯಮ: ಎಣಿಸಲು ಬರುವ, ಏಕವಚನದಲ್ಲಿರುವ ನಾಮಪದ ವಾಕ್ಯದಲ್ಲಿ ಬರಿಮೈಯಲ್ಲಿ ನಿಲ್ಲುವಂತಿಲ್ಲ. ‘ಎ’, ‘ದಿ’, ‘ಮೈ’, ‘ದಿಸ್’, ‘ಎವ್ರಿ’, ಯಾವುದಾದರೂ ಒಂದು ಅಂಗಿ ತೊಟ್ಟಿರಲೇಬೇಕು. ಎರಡನೆಯ ವಾಕ್ಯದ ಶುರುವಿನಲ್ಲೇ ನಿಂತಿರುವ ‘ಕ್ಲೈಂಟ್’ ಕೂಡ ಬರಿಮೈಯಲ್ಲಿದ್ದಾರೆ ನೋಡಿ. ಇದೊಂದು ನಿಯಮ ಹಿಡಿದು ಮೇಲ್‌ನ ಮೇಲೆ ಕಣ್ಣಾಡಿಸಿದರೂ ಆರ್ಟಿಕಲ್ ತಪ್ಪುಗಳಲ್ಲಿ ದೊಡ್ಡ ಪಾಲು ಸಿಕ್ಕಿಬೀಳುತ್ತದೆ.

ವಾಕ್ಯದಲ್ಲಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಪತ್ರಿಕೆಯ ತಲೆಬರಹ, ಮೇಲ್‌ನ ವಿಷಯದ ಸಾಲು, ಬಗ್ ಪಟ್ಟಿಯ ಶೀರ್ಷಿಕೆ ಇಂಥ ಕಡೆ ಇಂಗ್ಲಿಷರೂ ಆರ್ಟಿಕಲ್ ಕೈಬಿಡುತ್ತಾರೆ. ‘ಲಾಗಿನ್ ಬಟನ್ ನಾಟ್ ವರ್ಕಿಂಗ್’ ಎಂಬ ಶೀರ್ಷಿಕೆಯಲ್ಲಿ ತಿದ್ದುವಂಥದ್ದೇನೂ ಇಲ್ಲ.

‘ದಿ’ ಬಿಟ್ಟುಹೋದರೆ ಆಗುವ ನಷ್ಟವೇನು ಎಂದು ಕೇಳುವವರಿಗೆ 1967ರ ನವೆಂಬರ್ ನೆನಪಿಸಬೇಕು. ಆ ವರ್ಷದ ಅರಬ್-ಇಸ್ರೇಲ್ ಯುದ್ಧದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಅಂಗೀಕರಿಸಿತು. ಯುದ್ಧದಲ್ಲಿ ವಶಪಡಿಸಿಕೊಂಡ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಸರಿಯಬೇಕು ಎಂದು ಅದರಲ್ಲಿತ್ತು. ಇಂಗ್ಲಿಷ್ ಪಠ್ಯದಲ್ಲಿ ‘ಟೆರಿಟರೀಸ್’ ಪದದ ಹಿಂದೆ ‘ದಿ’ ಇರಲಿಲ್ಲ, ಫ್ರೆಂಚ್ ಪಠ್ಯದಲ್ಲಿ ಆರ್ಟಿಕಲ್ ಇತ್ತು. ಎಲ್ಲ ಪ್ರದೇಶಗಳಿಂದಲೂ ಎಂದು ಒಂದು ಕಡೆಯವರು, ಎಲ್ಲದರಿಂದಲೂ ಎಂದೇನೂ ಹೇಳಿಲ್ಲವಲ್ಲ ಎಂದು ಇನ್ನೊಂದು ಕಡೆಯವರು. ಮೂರಕ್ಷರದ ಈ ವಾದ ಇನ್ನೂ ತೀರಿಲ್ಲ.

ಬಿಟ್ಟುಬಿಡುವುದರ ಜೊತೆಗೆ ಅತಿಯಾಗಿ ಹಾಕುವ ರೋಗವೂ ಇದೆ. ಒಮ್ಮೆ ಮ್ಯಾನೇಜರ್ ಕೆಂಪು ಶಾಯಿಯಲ್ಲಿ ನಾಲ್ಕು ‘ದಿ’ ಸೇರಿಸಿ ಕಳಿಸಿದರೆ ಸಾಕು, ಮುಂದಿನ ಮೇಲ್‌ನಿಂದ ‘ಆಫ್ಟರ್ ದಿ ಲಂಚ್’, ‘ದಿ ಕರ್ನಾಟಕ’, ‘ದಿ ಕ್ವಾಲಿಟಿ ಈಸ್ ಇಂಪಾರ್ಟೆಂಟ್’ ಎಂದು ಧಾರಾಕಾರ ಮಳೆ. ಒಟ್ಟು ಜಾತಿಯ ಬಗ್ಗೆ ಬಹುವಚನದಲ್ಲಿ ಹೇಳುವಾಗ ‘ದಿ’ ಬೇಡ. ‘ಇಂಜಿನಿಯರ್ಸ್ ಹೇಟ್ ಮೀಟಿಂಗ್ಸ್’ ಎಂದರೆ ಲೋಕದ ಇಂಜಿನಿಯರ್‌ಗಳ ಪಾಡು, ‘ದಿ ಇಂಜಿನಿಯರ್ಸ್’ ಎಂದರೆ ಇದೇ ತಂಡದವರು. ಹೆಸರುಗಳಲ್ಲಿ ಮಾತ್ರ ತರ್ಕ ಹುಡುಕಬಾರದು. ನದಿಗೆ ‘ದಿ’ ಉಂಟು, ಬೆಟ್ಟದ ಸಾಲಿಗೂ ಉಂಟು, ಒಂಟಿ ಶಿಖರಕ್ಕೆ ಇಲ್ಲ. ಹಾಗಾಗಿ ‘ದಿ ಕಾವೇರಿ’, ‘ದಿ ವೆಸ್ಟರ್ನ್ ಘಾಟ್ಸ್’, ಆದರೆ ಬರಿಯ ಮುಳ್ಳಯ್ಯನಗಿರಿ. ಬ್ರಿಟನ್ನಿನವರು ಕಾಯಿಲೆ ಬಿದ್ದರೆ ‘ಇನ್ ಹಾಸ್ಪಿಟಲ್’, ಅಮೆರಿಕದವರು ಬಿದ್ದರೆ ‘ಇನ್ ದಿ ಹಾಸ್ಪಿಟಲ್’. ಅವರವರಲ್ಲೇ ಒಮ್ಮತವಿಲ್ಲ.

ಮೂರನೆಯ ವಾಕ್ಯದ ‘ಎ ಒಟಿಪಿ’ಗೆ ಬರೋಣ. ‘ಎ’ ಎಲ್ಲಿ, ‘ಆ್ಯನ್’ ಎಲ್ಲಿ ಎಂಬುದಕ್ಕೆ ಶಾಲೆಯಲ್ಲಿ ಎ, ಇ, ಐ, ಓ, ಯು ಎಂಬ ಐದಕ್ಷರಗಳ ಪಟ್ಟಿ ಕೊಟ್ಟು ಕಳಿಸುತ್ತಾರೆ. ಆ ಪಟ್ಟಿ ಅರ್ಧ ಸತ್ಯ, ಯಾಕೆಂದರೆ ಲೆಕ್ಕಕ್ಕೆ ಬರುವುದು ಉಚ್ಚಾರ, ಕಾಗುಣಿತವಲ್ಲ. ಇಲ್ಲಿ ಕನ್ನಡಿಗರಿಗೆ ಇಂಗ್ಲಿಷರಿಗೂ ಇಲ್ಲದ ಒಂದು ಅನುಕೂಲ ಇದೆ, ಅದು ನಮ್ಮ ಲಿಪಿ. ಪದವನ್ನು ಕನ್ನಡದಲ್ಲಿ ಬರೆದುನೋಡಿ. ಸ್ವರದಿಂದ ಶುರುವಾದರೆ ‘ಆ್ಯನ್’, ವ್ಯಂಜನದಿಂದ ಶುರುವಾದರೆ ‘ಎ’. ಒಟಿಪಿ ಶುರುವಾಗುವುದು ‘ಒ’ದಿಂದ, ಆದ್ದರಿಂದ ‘ಆ್ಯನ್ ಒಟಿಪಿ’. ಎಫ್‌ಐಆರ್, ಎನ್‌ಒಸಿ, ಆರ್‌ಟಿಐ, ಎಸ್‌ಎಸ್‌ಎಲ್‌ಸಿ ಎಲ್ಲಕ್ಕೂ ‘ಆ್ಯನ್’. ಯುಪಿಐ, ಯೂನಿವರ್ಸಿಟಿ, ಯೂರೋಪಿಯನ್ ಇವು ‘ಯ’ಕಾರದವು, ಹಾಗಾಗಿ ‘ಎ’. ಇಂಗ್ಲಿಷ್ ಕಾಗುಣಿತದಲ್ಲಿ ಅಡಗಿ ಕೂತದ್ದು ಕನ್ನಡ ಲಿಪಿಯಲ್ಲಿ ಎದ್ದು ಕಾಣುತ್ತದೆ.

ಆದರೆ ನಾಲಗೆಯನ್ನು ಪೂರ್ತಿ ನಂಬುವಂತಿಲ್ಲ. ‘ಎಲ್ಲಿ’ಯನ್ನು ‘ಯೆಲ್ಲಿ’ ಎಂದೂ ‘ಒಂದು’ವನ್ನು ‘ವೊಂದು’ ಎಂದೂ ಆಡುವ ನಾವು, ‘ಇಂಜಿನಿಯರ್’ಗೂ ‘ಒಟಿಪಿ’ಗೂ ಗೊತ್ತಿಲ್ಲದೆ ಯಕಾರ ವಕಾರ ಅಂಟಿಸುತ್ತೇವೆ. ಹಾಗಾಗಿಯೇ ‘ಎ ಒಟಿಪಿ’ ನಮ್ಮ ಕಿವಿಗೆ ಒರಟು ಅನ್ನಿಸುವುದಿಲ್ಲ. ‘ಎಚ್‌ಆರ್’ಗೆ ‘ಹೆಚ್‌ಆರ್’ ಎನ್ನುವವರಂತೂ ಮನೆಮನೆಯಲ್ಲೂ ಇದ್ದಾರೆ. ಉಚ್ಚಾರ ‘ಎಚ್’ ಎಂದು ಹಿಡಿದರೆ ‘ಆ್ಯನ್ ಎಚ್‌ಆರ್ ಮ್ಯಾನೇಜರ್’ ತಾನಾಗಿ ಸರಿಹೋಗುತ್ತದೆ. ಲಿಪಿಯೇ ಮೋಸ ಮಾಡುವ ಒಂದು ಪದವೂ ಉಂಟು. ರೂಢಿಯಲ್ಲಿ ‘ಒನ್’ ಎಂದು ಬರೆಯುತ್ತೇವೆ, ನಿಜವಾದ ಉಚ್ಚಾರ ‘ವನ್’. ಅದಕ್ಕೇ ಕ್ರಿಕೆಟ್ ವರದಿಗಳಲ್ಲಿ ‘ಎ ವನ್-ಡೇ ಮ್ಯಾಚ್’.

ಅದೇ ವಾಕ್ಯದಲ್ಲಿ ‘ಮೆನಿ ಫೀಡ್‌ಬ್ಯಾಕ್ಸ್’ ಎಂಬುದೂ ಇದೆ. ಕನ್ನಡದಲ್ಲಿ ಸಲಹೆಗಳು, ಮಾಹಿತಿಗಳು, ಪೀಠೋಪಕರಣಗಳು, ಪ್ರತಿಕ್ರಿಯೆಗಳು ಎಲ್ಲವನ್ನೂ ಎಣಿಸಬಹುದು. ಇಂಗ್ಲಿಷಿನ ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಫೀಡ್‌ಬ್ಯಾಕ್, ಸಾಫ್ಟ್‌ವೇರ್ ಮಾತ್ರ ನೀರು, ಹಿಟ್ಟಿನ ಹಾಗೆ. ರಾಶಿಯಾಗಿ ಇರುತ್ತವೆ, ಬಿಡಿಯಾಗಿ ಎಣಿಕೆಗೆ ಸಿಕ್ಕುವುದಿಲ್ಲ. ಅವಕ್ಕೆ ಬಹುವಚನವೂ ಇಲ್ಲ, ‘ಎ’ ಕೂಡ ಇಲ್ಲ. ‘ಎ ಸಾಫ್ಟ್‌ವೇರ್’ ಎಂದು ಬರೆದವರು ‘ಒಂದು ಹಿಟ್ಟು’ ಎಂದು ಬರೆದ ಹಾಗೆ.

ಯಾವ ಪದ ಎಣಿಕೆಗೆ ಬರುತ್ತದೆ ಎಂದು ಊಹಿಸಿ ಪ್ರಯೋಜನವಿಲ್ಲ, ನಿಘಂಟು ನೋಡಬೇಕು. ಅದೂ ಇಂಗ್ಲಿಷ್ ಕಲಿಯುವವರಿಗೆಂದೇ ಮಾಡಿದ ನಿಘಂಟು. ಅದರ ಹಿಂದೆ ಒಂದು ಸ್ವಾರಸ್ಯವಿದೆ. ಎ. ಎಸ್. ಹಾರ್ನ್‌ಬಿ ಎಂಬ ಇಂಗ್ಲಿಷ್ ಮೇಷ್ಟ್ರು ಜಪಾನಿನಲ್ಲಿ ಪಾಠ ಮಾಡುತ್ತಿದ್ದರು. ಜಪಾನೀ ಭಾಷೆಯಲ್ಲೂ ನಮ್ಮಂತೆ ಆರ್ಟಿಕಲ್ ಇಲ್ಲ. ಅಲ್ಲಿನ ವಿದ್ಯಾರ್ಥಿಗಳ ಕಷ್ಟ ಕಂಡಿದ್ದ ಅವರು ಸಹೋದ್ಯೋಗಿಗಳ ಜೊತೆ ಸೇರಿ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಎಣಿಸಬಹುದಾದ ನಾಮಪದಕ್ಕೆ ‘ಸಿ’, ಎಣಿಸಲಾಗದ್ದಕ್ಕೆ ‘ಯು’ ಎಂದು ಅದರಲ್ಲಿ ಗುರುತು ಹಾಕಿದ್ದರು. ಮುಂದೆ 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಪ್ರಕಟಿಸಿತು. ನಮ್ಮ ಮನೆಗಳ ಕಪಾಟಿನಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅದರದೇ ಸಂತತಿ. ಅರ್ಥ ನೋಡಿ ಪುಸ್ತಕ ಮುಚ್ಚುವ ನಾವು ಪಕ್ಕದ ಆ ಗುರುತನ್ನು ಗಮನಿಸುವುದೇ ಇಲ್ಲ.

ನಾಲ್ಕನೆಯ ವಾಕ್ಯ ಎಲ್ಲಕ್ಕಿಂತ ಅಪಾಯಕಾರಿ. ‘ಫ್ಯೂ ಬಗ್ಸ್ ಆರ್ ಸ್ಟಿಲ್ ಓಪನ್.’ ಬರೆದವರು ಹೇಳಹೊರಟದ್ದು “ಇನ್ನೂ ಕೆಲವು ಬಗ್‌ಗಳು ಉಳಿದಿವೆ, ಹುಷಾರು” ಎಂದು. ವಾಕ್ಯ ಹೇಳುತ್ತಿರುವುದು “ಬಗ್‌ಗಳು ಉಳಿದಿರುವುದು ಅಪರೂಪ, ಚಿಂತೆ ಬೇಡ” ಎಂದು. ‘ಎ ಫ್ಯೂ’ ಎಂದರೆ ಕೆಲವು ಇವೆ, ‘ಫ್ಯೂ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ಒಂದಕ್ಷರ ಬಿದ್ದುಹೋಗಿ ಎಚ್ಚರಿಕೆಯ ಮಾತು ಸಮಾಧಾನದ ಮಾತಾಯಿತು. ‘ಲಿಟ್ಲ್’ ಮತ್ತು ‘ಎ ಲಿಟ್ಲ್’ ನಡುವೆಯೂ ಇದೇ ಅಂತರ. ಕಿರಿಯ ಸಹೋದ್ಯೋಗಿಯ ವಾರ್ಷಿಕ ಮೌಲ್ಯಮಾಪನದಲ್ಲಿ “ಹಿ ಹ್ಯಾಸ್ ಎ ಲಿಟ್ಲ್ ಎಕ್ಸ್‌ಪೀರಿಯನ್ಸ್” ಎಂದರೆ ಹುಡುಗನಿಗೆ ಒಂದಿಷ್ಟು ಅನುಭವವಿದೆ. ‘ಎ’ ಬಿಟ್ಟುಹೋದರೆ ಆತನಿಗೆ ಅನುಭವವೇ ಸಾಲದು. ಕಾಗುಣಿತ ನೋಡುವ ತಂತ್ರಾಂಶಕ್ಕೆ ಇವು ತಪ್ಪು ಎಂದು ಕಾಣುವ ಸಂಭವ ಕಡಿಮೆ, ಯಾಕೆಂದರೆ ಎರಡು ವಾಕ್ಯಗಳೂ ವ್ಯಾಕರಣಬದ್ಧವಾಗಿಯೇ ಇವೆ.

ಇನ್ನು ಆ ಎರಡನೆಯ ಜಾತಿ. 1928ರಲ್ಲಿ ಕೆಸ್ಲರ್ ಮತ್ತು ಡೆರೊಕಿನಿ ಎಂಬ ಇಬ್ಬರು ಫ್ರೆಂಚ್ ಲೇಖಕರು ಇಂಗ್ಲಿಷ್ ಪದಗಳ ನಂಬಿಕೆದ್ರೋಹದ ಬಗ್ಗೆಯೇ ಒಂದು ಪುಸ್ತಕ ಬರೆದು, ಎರಡು ಭಾಷೆಗಳಲ್ಲಿ ಒಂದೇ ಮುಖ ಹೊತ್ತು ಬೇರೆ ಅರ್ಥ ಕೊಡುವ ಪದಗಳನ್ನು ‘ಸುಳ್ಳು ಮಿತ್ರರು’ ಎಂದು ಕರೆದರು. ಆ ಹೆಸರೇ ನಿಂತಿತು. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ‘ಉಪನ್ಯಾಸ’ ಹಿಂದಿಗೆ ಹೋದರೆ ಕಾದಂಬರಿ, ನಮ್ಮ ‘ಅವಕಾಶ’ ಅಲ್ಲಿ ರಜೆ, ನಮ್ಮ ‘ಶಿಕ್ಷೆ’ ಅಲ್ಲಿ ವಿದ್ಯಾಭ್ಯಾಸ. (ಕೊನೆಯದು ನಮ್ಮ ಕೆಲವು ವಿದ್ಯಾರ್ಥಿಗಳಿಗೆ ಭಿನ್ನವಾಗಿ ಕಾಣಲಿಕ್ಕಿಲ್ಲ.)

ಇಂಗ್ಲಿಷ್ ಬರೆಯುವ ಕನ್ನಡಿಗರನ್ನು ಕಾಡುವ ಸುಳ್ಳು ಮಿತ್ರರ ಕಥೆ ಇನ್ನೂ ಸೊಗಸು. ಅವು ಇಂಗ್ಲಿಷಿನಲ್ಲೇ ಹುಟ್ಟಿ ಕನ್ನಡಕ್ಕೆ ಮದುವೆಯಾಗಿ ಬಂದ ಪದಗಳು. ಇಲ್ಲಿ ಸಂಸಾರ ಮಾಡಿ ಇಲ್ಲಿನ ನಡೆನುಡಿ ಕಲಿತು, ಈಗ ತವರಿಗೆ ಹೋದರೆ ಅಲ್ಲಿಯವರಿಗೇ ಗುರುತು ಸಿಗುವುದಿಲ್ಲ. ‘ಡೌಟ್’ ಅಂಥ ಮಗಳು. ಕ್ಲಾಸಿನಲ್ಲಿ ಕೈ ಎತ್ತಿ “ಸಾರ್, ಒಂದು ಡೌಟು” ಎನ್ನುವ ಹುಡುಗನಿಗೆ ಮೇಷ್ಟ್ರ ಮೇಲೆ ಅಪನಂಬಿಕೆ ಏನಿಲ್ಲ, ಅರ್ಥವಾಗದ್ದನ್ನು ಕೇಳುತ್ತಿದ್ದಾನೆ ಅಷ್ಟೆ. ಇಂಗ್ಲಿಷಿನ ‘ಡೌಟ್’ನಲ್ಲಿ ಇರುವುದು ಅಪನಂಬಿಕೆಯೇ. ವರದಿಯಲ್ಲಿ ‘ಡೌಟ್ಸ್’ ಇವೆ ಎಂದರೆ ಅದರ ಅಂಕಿಅಂಶ ಸುಳ್ಳಿರಬಹುದು ಎಂಬ ಗುಮಾನಿ. ಬೇಕಿದ್ದ ಪದ ‘ಕ್ವೆಶ್ಚನ್ಸ್’.

‘ರಿವರ್ಟ್’ ಅದಕ್ಕಿಂತ ಕುತ್ತು ತರುವಂಥದ್ದು. ಭಾರತದ ಆಫೀಸುಗಳಲ್ಲಿ ಅದಕ್ಕೆ ‘ಉತ್ತರ ಬರೆಯಿರಿ’ ಎಂಬ ಅರ್ಥ ಬೇರೂರಿದೆ. ಹೊರಗೆ ಅದು ‘ಹಿಂದಿನ ಸ್ಥಿತಿಗೆ ಮರಳು’. ಸಾಫ್ಟ್‌ವೇರ್ ಕೆಲಸದಲ್ಲಿ ಅದು ಬರಿಯ ಪದವೂ ಅಲ್ಲ, ಒಂದು ಆಜ್ಞೆ. `git revert` ಎಂದು ಟೈಪ್ ಮಾಡಿ ಯಾವ ಬದಲಾವಣೆ ಎಂದು ಸೂಚಿಸಿದರೆ, ಆ ಬದಲಾವಣೆಯನ್ನು ರದ್ದುಮಾಡುವ ಹೊಸ ದಾಖಲೆಯೊಂದು ಸೃಷ್ಟಿಯಾಗುತ್ತದೆ. ಹೊಸ ಕೋಡ್ ಕಳಿಸಿ ಅದರ ಕೆಳಗೆ ‘ಪ್ಲೀಸ್ ರಿವರ್ಟ್’ ಎಂದು ಬರೆದವರು ಅಭಿಪ್ರಾಯ ಕೇಳುತ್ತಿದ್ದಾರೋ, ಕಳಿಸಿದ್ದನ್ನು ಕಿತ್ತುಹಾಕಿ ಎನ್ನುತ್ತಿದ್ದಾರೋ? ಅತ್ತ ಕಡೆಯವರು ಎರಡನೆಯದನ್ನು ನಂಬಿದರೆ ತಪ್ಪು ಅವರದಲ್ಲ. ‘ರಿಪ್ಲೈ’ ಎಂಬ ಸರಳ ಪದ ಇರುವಾಗ ಈ ಸರ್ಕಸ್ ಯಾಕೆ?

‘ವಿತಿನ್ ಫ್ರೈಡೇ’ ಕನ್ನಡದ ‘ಒಳಗೆ’ಯ ಕೃಪೆ. ನಮ್ಮಲ್ಲಿ ಎರಡು ದಿನದೊಳಗೆ, ಶುಕ್ರವಾರದೊಳಗೆ ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ‘ವಿತಿನ್’ ಇರುವುದು ಅಳತೆಯ ಅವಧಿಗೆ, ‘ವಿತಿನ್ ಟೂ ಡೇಸ್’ ಎಂಬ ಹಾಗೆ. ಗಡುವು ಒಂದು ದಿನವಾದರೆ ‘ಬೈ ಫ್ರೈಡೇ’.

ನಮ್ಮ ಮೇಲ್‌ನಲ್ಲಿ ಇಲ್ಲದಿದ್ದರೂ ಇನ್ನೆರಡು ಪದಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದು ಬಸ್ಸಿನ ಸೀಟಿನಿಂದ ಮದುವೆಯವರೆಗೆ ಕರ್ನಾಟಕದ ಬಾಳುವೆಯ ಸೂತ್ರ. ಅದರಲ್ಲಿ ಸಹನೆ, ಸಂಕೋಚ, ಸಲಿಗೆ ಎಲ್ಲ ಇದೆ. ಇಂಗ್ಲಿಷಿನ ‘ಅಡ್ಜಸ್ಟ್’ನಲ್ಲಿ ಇವೇನೂ ಇಲ್ಲ, ತಿರುಪು ಬಿಗಿ ಮಾಡುವುದು, ಲೆಕ್ಕ ಹೊಂದಿಸುವುದು ಇಷ್ಟೇ. ವಿದೇಶದ ಗಿರಾಕಿಗೆ “ಪ್ಲೀಸ್ ಅಡ್ಜಸ್ಟ್” ಎಂದು ಬರೆದರೆ ಏನನ್ನು ತಿರುಗಿಸಬೇಕು ಎಂದು ತಿಳಿಯದೆ ಕೂತಾರು. ಲೆಕ್ಕಪತ್ರದ ವಿಷಯದಲ್ಲಿ “ವಿ ವಿಲ್ ಅಡ್ಜಸ್ಟ್ ದಿ ಅಮೌಂಟ್” ಎಂದರೆ ಮೊತ್ತವನ್ನೇ ತಿದ್ದುತ್ತಾರೆ ಎಂದು ಆಡಿಟರ್ ಕಿವಿ ನೆಟ್ಟಗಾಗುತ್ತದೆ. ಏನು ಆಗಬೇಕೋ ಅದನ್ನೇ ಬರೆಯಬೇಕು: ಎರಡು ದಿನ ತಡವಾಗುತ್ತದೆ, ಒಪ್ಪಿಕೊಳ್ಳುತ್ತೀರಾ ಎಂದು.

ಇನ್ನೊಂದು ‘ಸಿನ್ಸಿಯರ್’. ನಮ್ಮಲ್ಲಿ ಸಿನ್ಸಿಯರ್ ಹುಡುಗ ಎಂದರೆ ಸಮಯಕ್ಕೆ ಬಂದು, ತಲೆತಗ್ಗಿಸಿ, ಅಚ್ಚುಕಟ್ಟಾಗಿ ಕೆಲಸ ಮಾಡುವವನು. ಜೊತೆಗೆ ‘ಡೀಸೆಂಟ್’ ಎಂದರೆ ಮರ್ಯಾದಸ್ಥ. ಇವೆರಡನ್ನೂ ಸೇರಿಸಿ ಹೊಗಳಿ ಬರೆದ ಶಿಫಾರಸು ಪತ್ರವನ್ನು ವಿದೇಶದ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಓದುವ ಬಗೆ ಬೇರೆ. ಸಿನ್ಸಿಯರ್, ಅಂದರೆ ಮನಸ್ಸಿನಲ್ಲಿ ಕಪಟವಿಲ್ಲ. ‘ಡೀಸೆಂಟ್ ವರ್ಕ್’, ಅಂದರೆ ತೆಗೆದುಹಾಕುವಂತಿಲ್ಲ, ನಡೆಯುತ್ತದೆ ಎಂಬಷ್ಟು. ಪಾಪ, ಮೇಷ್ಟ್ರು ಹಾಡಿಹೊಗಳಿದ ವಿದ್ಯಾರ್ಥಿ ಅಲ್ಲಿ ಒಳ್ಳೆಯ ಮನಸ್ಸಿನ ಸಾಧಾರಣ ಹುಡುಗನಾಗಿ ತಲುಪುತ್ತಾನೆ. ‘ಹಾರ್ಡ್‌ವರ್ಕಿಂಗ್’, ‘ರಿಲಯಬಲ್’, ‘ಕರ್ಟಿಯಸ್’ ಎಂದಿದ್ದರೆ ಮಾತು ಹೇಳಿದಂತೆಯೇ ತಲುಪುತ್ತಿತ್ತು.

ಈ ಪದಗಳು ಸಿಕ್ಕಿಬೀಳದಿರಲು ಕಾರಣ ಸರಳ. ಗೊತ್ತಿಲ್ಲದ ಪದಕ್ಕೆ ಜನ ನಿಘಂಟು ತೆರೆಯುತ್ತಾರೆ. ಹುಟ್ಟಿದಾಗಿನಿಂದ ಬಾಯಲ್ಲಿರುವ ‘ಡೌಟ್’ಗೆ ಯಾರು ತೆರೆಯುತ್ತಾರೆ? ಓದಿದವರೂ ತಿದ್ದಿ ಹೇಳುವುದಿಲ್ಲ, ತಮಗೆ ತಿಳಿದಂತೆ ಅರ್ಥಮಾಡಿಕೊಂಡು ಸುಮ್ಮನಾಗುತ್ತಾರೆ. ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದಾಗ, ಅಥವಾ ವಿನಯದ ಮೇಲ್‌ಗೆ ಬಿಗಿಯಾದ ಮಾರುತ್ತರ ಬಂದಾಗ ತಾವು ಬರೆದದ್ದನ್ನು ತೆಗೆದು ನೋಡಬೇಕು. ಸುಳ್ಳು ಮಿತ್ರ ಅಲ್ಲೆಲ್ಲೋ ಇರುವ ಸಾಧ್ಯತೆ ಹೆಚ್ಚು.

ತಿದ್ದುವ ಕೆಲಸಕ್ಕೆ ಎರಡು ಓದು ಬೇಕು, ಎರಡನ್ನೂ ಬೆರೆಸಬಾರದು. ಮೊದಲ ಓದು ನಾಮಪದಗಳಿಗೆ ಮಾತ್ರ, ಅದೂ ಕೊನೆಯ ವಾಕ್ಯದಿಂದ ಮೇಲಕ್ಕೆ. ಮೇಲಿನಿಂದ ಓದಿದರೆ ಅರ್ಥದ ಪ್ರವಾಹದಲ್ಲಿ ಕಣ್ಣು ಕೊಚ್ಚಿಹೋಗುತ್ತದೆ, ಬಿಟ್ಟುಹೋದ ‘ದಿ’ಯನ್ನು ಮನಸ್ಸು ತಾನೇ ತುಂಬಿಕೊಂಡುಬಿಡುತ್ತದೆ. ಪ್ರತಿ ನಾಮಪದದ ಬಳಿ ನಿಂತು ಕೇಳಬೇಕು: ಇದು ಎಣಿಕೆಗೆ ಬರುತ್ತದೆಯೇ? ಬಂದರೆ ಬರಿಮೈಯಲ್ಲಿದೆಯೇ? ಯಾವುದು ಎಂದು ಓದುವವರಿಗೆ ಗೊತ್ತೇ? ಎರಡನೆಯ ಓದು ಮನೆಯಲ್ಲಿ ಕನ್ನಡ ಮಾತಾಡುವಾಗಲೂ ಬಳಸುವ ಇಂಗ್ಲಿಷ್ ಪದಗಳಿಗೆ. ಅವುಗಳ ಪಟ್ಟಿ ಉದ್ದವಿರುವುದಿಲ್ಲ. ಒಬ್ಬೊಬ್ಬರಿಗೂ ತಮ್ಮದೇ ಹತ್ತಿಪ್ಪತ್ತು ಪದಗಳಿರುತ್ತವೆ, ಡೈರಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡರೆ ಸಾಕು.

ಹೀಗೆ ಎರಡು ಸಲ ಓದಿದ ಮೇಲೆ ನಮ್ಮ ಇಂಜಿನಿಯರ್‌ರ ಮೇಲ್ ಇಷ್ಟಾಗುತ್ತದೆ:

“ಐ ಆ್ಯಮ್ ಅಟ್ಯಾಚಿಂಗ್ ದಿ ಟೆಸ್ಟ್ ರಿಪೋರ್ಟ್. ದಿ ಕ್ಲೈಂಟ್ ಹ್ಯಾಸ್ ಸಮ್ ಕ್ವೆಶ್ಚನ್ಸ್ ಅಬೌಟ್ ಇಟ್. ಮೆನಿ ಯೂಸರ್ಸ್ ಹ್ಯಾವ್ ಟೋಲ್ಡ್ ಅಸ್ ದ್ಯಾಟ್ ದೇ ಆರ್ ನಾಟ್ ಗೆಟ್ಟಿಂಗ್ ಆ್ಯನ್ ಒಟಿಪಿ. ಎ ಫ್ಯೂ ಬಗ್ಸ್ ಆರ್ ಸ್ಟಿಲ್ ಓಪನ್. ಪ್ಲೀಸ್ ರಿಪ್ಲೈ ಬೈ ಫ್ರೈಡೇ.”

ಇದೇ ಮೇಲ್ ಲಂಡನ್ನಿಗೆ ಹೋಗದೆ ಹುಬ್ಬಳ್ಳಿಯ ಸಹೋದ್ಯೋಗಿಗೆ ಹೋಗುವುದಾದರೆ ಇಷ್ಟು ತಿದ್ದಬೇಕೇ? ‘ಡೌಟ್ಸ್’ ಹಾಗೇ ಇರಲಿ, ಅಲ್ಲಿಯವರಿಗೆ ಅದು ಪ್ರಶ್ನೆಯೆಂದೇ ಗೊತ್ತು. ‘ರಿವರ್ಟ್’ ಕೂಡ ನಡೆದೀತು, ಕೋಡ್ ವಿಷಯ ಅಲ್ಲದಿದ್ದರೆ. ‘ಫ್ಯೂ ಬಗ್ಸ್’ ಮಾತ್ರ ಹುಬ್ಬಳ್ಳಿಗೂ ಬೇಡ.